ಅರ್ಧ ಗಂಟೆಗೊಂದು ಗಾಡಿಯೋ, ಹೆಸರು ಬರೆದ ಗಾಡಿಯೋ? ಎರಡು ಮದುವೆ, ಎರಡು ಪತ್ರ

ದೊಡ್ಡ ಮಗಳ ಮದುವೆ ಎರಡು ವರ್ಷದ ಹಿಂದೆ ಆಯಿತು. ಚಿಕ್ಕವಳದ್ದು ಈ ವೈಶಾಖದಲ್ಲಿ. ಎರಡೂ ಧಾರವಾಡದ ಒಂದೇ ಕಲ್ಯಾಣ ಮಂಟಪದಲ್ಲಿ. ಎರಡೂ ಸಲ ಲಗ್ನಪತ್ರಿಕೆಯ ಜೊತೆ ಪರ ಊರಿನವರಿಗೆ ಒಂದು ಪತ್ರ ಕಳಿಸಿದ್ದೆ. ಎಲ್ಲಿ ಉಳಿಯಬೇಕು, ಮಂಟಪಕ್ಕೆ ಗಾಡಿ ಯಾವಾಗ ಅಂತ ಅದರಲ್ಲಿತ್ತು. ಮೊದಲ ಪತ್ರದಿಂದ ಹದಿನೈದು ಜನಕ್ಕೆ ಅಕ್ಕಿಕಾಳು ತಪ್ಪಿತು. ಎರಡನೆಯದರಿಂದ ಒಬ್ಬರಿಗೂ ತಪ್ಪಲಿಲ್ಲ.

ಮೊದಲ ಪತ್ರದಲ್ಲಿ ಹೀಗೆ ಬರೆದಿದ್ದೆ: "ಹುಬ್ಬಳ್ಳಿ ರೈಲು ನಿಲ್ದಾಣದ ಹತ್ತಿರ ಮೂರು ಲಾಡ್ಜ್‌ಗಳಲ್ಲಿ ನಿಮಗೆ ಕೋಣೆ ಇವೆ. ಮದುವೆಯ ದಿನ ಬೆಳಿಗ್ಗೆ 7:30ರಿಂದ ಅರ್ಧ ಗಂಟೆಗೊಂದು ಗಾಡಿ ಇರುತ್ತದೆ." ಓದೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಆದರೆ ಲೆಕ್ಕ ಹಾಕದೆ ಬರೆದ ಮಾತು ಅದು. ಹುಬ್ಬಳ್ಳಿಯಿಂದ ಧಾರವಾಡ ಸುಮಾರು 20 ಕಿಲೋಮೀಟರ್. ಮೂರು ಲಾಡ್ಜ್ ಸುತ್ತಿ ಜನರನ್ನು ಹತ್ತಿಸಿಕೊಂಡು, ಮಂಟಪದಲ್ಲಿ ಇಳಿಸಿ, ಖಾಲಿ ಗಾಡಿ ತಿರುಗಿ ಬರೋಕೆ ಎರಡೂಕಾಲು ಗಂಟೆ ಬೇಕಾಯಿತು. ನನ್ನ ಬಳಿ ಇದ್ದದ್ದು 17 ಸೀಟಿನ ಎರಡು ಟೆಂಪೋ ಟ್ರಾವೆಲರ್. ಮಾತು ಉಳಿಸಿಕೊಳ್ಳಬೇಕಿದ್ದರೆ ಐದು ಗಾಡಿ ಬೇಕಿತ್ತು.

ಅಂದು ಆದದ್ದು ಇಷ್ಟು. ಪರ ಊರಿನವರು ಒಟ್ಟು 70 ಜನ. 7:30ರ ಗಾಡಿಯಲ್ಲಿ 9 ಜನ ಹತ್ತಿದರು, 8:00ರದ್ದರಲ್ಲಿ 12. ಉಳಿದವರು ನಿಧಾನಕ್ಕೆ ನಾಷ್ಟಾ ಮಾಡಿದರು. ಅರ್ಧ ಗಂಟೆಗೆ ಮತ್ತೊಂದು ಬರುತ್ತೆ ಅಂತ ಪತ್ರವೇ ಹೇಳಿತ್ತಲ್ಲ. ಆ ಎರಡು ಗಾಡಿಗಳು ತಿರುಗಿ ಬಂದಾಗ 9:45 ಮತ್ತು 10:15. ಅಷ್ಟರಲ್ಲಿ 49 ಜನ ಕಾಯುತ್ತಿದ್ದರು, ಸೀಟು 34. ಉಳಿದ 15 ಜನ ಬಾಗಿಲಲ್ಲೇ ನಿಂತು 10:45ರ ಗಾಡಿಗೆ ಕಾದರು. ಅಂಥದ್ದು ಇರಲೇ ಇಲ್ಲ. ಕೊನೆಗೆ ಚಿಗರಿ ಬಸ್ಸು ಹಿಡಿದು, ಧಾರವಾಡದಲ್ಲಿ ಆಟೋ ಹಿಡಿದು, ಅವರು ಮಂಟಪ ಮುಟ್ಟಿದಾಗ 12 ಗಂಟೆ. ಮುಹೂರ್ತ 11:40ಕ್ಕಿತ್ತು. ಅವರಲ್ಲಿ ಮೈಸೂರಿನ ನನ್ನ ಸೋದರತ್ತೆಯೂ ಇದ್ದರು, ವಯಸ್ಸು 74. ಮೊಮ್ಮಗಳ ಮೇಲೆ ಅಕ್ಕಿಕಾಳು ಹಾಕೋಕೆ ರಾತ್ರಿಯಿಡೀ ರೈಲಿನಲ್ಲಿ ಬಂದವರು. "ಇರ್ಲಿ ಬಿಡೋ, ಹುಡುಗಿ ಮುಖ ನೋಡಿದೆನಲ್ಲ" ಅಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಕೂತಿದೆ.

ಗಾಡಿ ಕಡಿಮೆ ಇದ್ದದ್ದು ಒಂದು ಕಾರಣ. ಆದರೆ ಮೊದಲ ಎರಡು ಗಾಡಿಗಳಲ್ಲೇ 13 ಸೀಟು ಖಾಲಿ ಹೋಗಿದ್ದವು. ಅವು ತುಂಬಿದ್ದರೆ ಹಿಂದೆ ಉಳಿಯುತ್ತಿದ್ದವರು ಇಬ್ಬರೇ. ಸುಮ್ನೆ "ಅರ್ಧ ಗಂಟೆಗೊಂದು" ಅಂತ ಬರೆದರೆ ಯಾರೂ ಯಾವ ಗಾಡಿಯನ್ನೂ ತಮ್ಮದು ಅಂದುಕೊಳ್ಳುವುದಿಲ್ಲ. ಎಲ್ಲರೂ ಕೊನೆಯದಕ್ಕೆ ಉಳಿಯುತ್ತಾರೆ.

ಈ ಸಲ ಮೊದಲು ಬದಲಾಯಿಸಿದ್ದು ಕೋಣೆಗಳ ಜಾಗ. ಧಾರವಾಡದಲ್ಲೇ, ಮಂಟಪದಿಂದ 3 ಕಿಲೋಮೀಟರ್ ದೂರದಲ್ಲಿ, ಒಂದೇ ಲಾಡ್ಜ್ ಹಿಡಿದೆ. ಹತ್ತಿಸಿ, ಇಳಿಸಿ, ತಿರುಗಿ ಬರೋಕೆ 40 ನಿಮಿಷ. ಹಿಂದಿನ ದಿನ ಡ್ರೈವರ್ ಜೊತೆ ಕೂತು ಎರಡು ಸಲ ಹೋಗಿ ಬಂದು ಗಡಿಯಾರ ನೋಡಿದ್ದೆ. ಮುಹೂರ್ತ 11:15. ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಕೊನೆಯ ಗಾಡಿಯವರೂ ಒಂದು ಗಂಟೆ ಮೊದಲೇ ಮಂಟಪದಲ್ಲಿರಬೇಕು ಅಂದರೆ ಅದು 10:00ಕ್ಕೆ ಹೊರಡಬೇಕು. ಅದರ ಹಿಂದಿನವು 9:20, 8:40, 8:00. ನಾಲ್ಕು ಸರದಿ, 68 ಸೀಟು, ಜನ 64. ಒಂದೇ ಗಾಡಿ ಸಾಕಾಯಿತು.

ಪತ್ರದಲ್ಲಿ ಹೀಗೆ ಬರೆದೆ: "ಗಾಡಿ ಲಾಡ್ಜ್ ಬಾಗಿಲು ಬಿಡುವ ಸಮಯ 8:40. ಇದು ಬೆಂಗಳೂರಿನ ಮಾವನವರ ಮನೆಯವರು ಮತ್ತು ಶಿವಮೊಗ್ಗದ ಚಿಕ್ಕಮ್ಮನ ಮನೆಯವರಿಗೆ. ಈ ಗಾಡಿ ತಪ್ಪಿದರೆ 9:20ರದ್ದರಲ್ಲಿ ಜಾಗ ಇಲ್ಲ, 10:00ರದ್ದರಲ್ಲಿ ಮೂರು ಸೀಟು ಇವೆ." "ಬಾಗಿಲು ಬಿಡುವ" ಅನ್ನುವ ಎರಡು ಪದ ದೊಡ್ಡ ಕೆಲಸ ಮಾಡಿದವು. ಹಿಂದಿನ ಸಲ ಕೆಲವರು 8:00 ಅಂದರೆ ಗಾಡಿ ಮಂಟಪ ಮುಟ್ಟುವ ಹೊತ್ತು ಅಂದುಕೊಂಡಿದ್ದರು.

ಹೀಗೆ ಮನೆತನದ ಹೆಸರು ಹಿಡಿದು ಬರೆದರೆ ಯಾರಾದರೂ ಬೇಜಾರು ಮಾಡಿಕೊಂಡಾರು ಅಂತ ನಮ್ಮ ಮನೆಯವರು ಹೆದರಿದ್ದರು. ಹಾಗಾಗಲಿಲ್ಲ. 8:00ಕ್ಕೆ 13 ಜನ ಹೊರಟರು, ಮುಂದಿನ ಎರಡೂ ಗಾಡಿ ತುಂಬಿ 17 17 ಜನ, 10:00ಕ್ಕೆ 14. ಮೊಣಕಾಲು ನೋವಿದ್ದ ಮೂವರಿಗೆ ಒಂದು ಕಾರು ಕಳಿಸಿದೆ. ಅತ್ತೆ ಅದರಲ್ಲಿ ಬಂದು ಮುಂದಿನ ಸಾಲಿನಲ್ಲಿ ಕೂತರು. ಅಕ್ಕಿಕಾಳು ಹಾಕಿದರು.

ಧಾರವಾಡದಲ್ಲಿ ಇಳಿಸಿದ್ದಕ್ಕೆ ತೊಂದರೆಯೂ ಇತ್ತು. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನವರು ಧಾರವಾಡದಲ್ಲೇ ಇಳಿದರು, ಸಲೀಸು. ಆದರೆ ಹಂಪಿ ಎಕ್ಸ್‌ಪ್ರೆಸ್ ಹುಬ್ಬಳ್ಳಿಗೇ ಮುಗಿಯುತ್ತದೆ. ಅದರಲ್ಲಿ ಬಂದ ಆರು ಜನಕ್ಕೆ ಬೇರೆ ಗಾಡಿ ಬೇಕಾಯಿತು. ಮೊದಲ ಸಲ "ನಿಲ್ದಾಣದ ಹೊರಗೆ ಗಾಡಿ ಇರುತ್ತದೆ" ಅಂತ ಬರೆದು ಪಾಡು ಪಟ್ಟಿದ್ದೆ. ಹುಬ್ಬಳ್ಳಿಯ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಗದಗ ರಸ್ತೆಯ ಕಡೆಗೂ ಒಂದು ಬಾಗಿಲಿದೆ. ಗಾಡಿ ಒಂದು ಕಡೆ, ಜನ ಇನ್ನೊಂದು ಕಡೆ. ಈ ಸಲ ಬಾಗಿಲಿನ ಹೆಸರು ಬರೆದೆ, ಗಾಡಿಯ ನಂಬರಿನ ಕೊನೆಯ ನಾಲ್ಕು ಅಂಕಿಯನ್ನೂ ಬರೆದೆ. ರೈಲಿಗೆ ಹೋಗುವ ಗಾಡಿಗೆ ಮಾತ್ರ ಗಡಿಯಾರದ ಸಮಯ ಕೊಡಬೇಡಿ. "ಹಂಪಿ ಎಕ್ಸ್‌ಪ್ರೆಸ್ ಬಂದ 20 ನಿಮಿಷಕ್ಕೆ ಹೊರಡುತ್ತದೆ" ಅಂತ ಬರೆಯಿರಿ. ರೈಲು ತಡವಾದರೂ ಆ ಮಾತು ಸುಳ್ಳಾಗುವುದಿಲ್ಲ. ಮಂಟಪವೇ ಹುಬ್ಬಳ್ಳಿಯಲ್ಲಿದ್ದರೆ ನಿಲ್ದಾಣದ ಹತ್ತಿರದ ಕೋಣೆಗಳೇ ಸರಿ.

ಮೂರನೇ ದಾರಿಯನ್ನೂ ನೋಡಿದ್ದೆ. ದೊಡ್ಡವಳ ಅರಿಶಿನದ ಸಂಜೆಗೆ ಸಮಯವನ್ನೇ ಬರೆಯದೆ "ಬೇಕಾದಾಗ ಡ್ರೈವರ್‌ಗೆ ಫೋನ್ ಮಾಡಿ" ಅಂತ ನಂಬರ್ ಕೊಟ್ಟಿದ್ದೆ. ಗಾಡಿ ಓಡಿಸುವವನು ಫೋನ್ ಎತ್ತಬಾರದು, ಅವನು ಎತ್ತಲಿಲ್ಲ. ಕರೆಗಳೆಲ್ಲ ನನಗೇ ಬಂದವು, ಅರಿಶಿನ ಹಚ್ಚುವಾಗ ನಾನು ಹೊರಗಿದ್ದೆ. ಊಟ ಮುಗಿದು ಇಬ್ಬರು ಮೂವರಂತೆ ವಾಪಸ್ ಹೋಗುವಾಗ ಮಾತ್ರ ಇದು ನಡೆಯುತ್ತದೆ. ಆಗಲೂ ನಂಬರ್ ಡ್ರೈವರ್‌ದಲ್ಲ, ಮನೆಯ ಒಬ್ಬ ಹುಡುಗನದ್ದಿರಲಿ.

ಕೋಣೆಯ ವಿಷಯದಲ್ಲಿ ಒಂದು ಸಾಲನ್ನು ಎರಡನೇ ಪತ್ರಕ್ಕೆ ಸೇರಿಸಿದೆ. ಬುಕ್ ಮಾಡುವಾಗಲೇ ಲಾಡ್ಜ್‌ನವರನ್ನು ಕೇಳಿ: 24 ಗಂಟೆಯ ಲೆಕ್ಕವೋ, ಮಧ್ಯಾಹ್ನ 12ಕ್ಕೆ ಖಾಲಿ ಮಾಡುವ ಲೆಕ್ಕವೋ? ಮೊದಲ ಸಲದ್ದು 12ರ ಲೆಕ್ಕ. 11:40ಕ್ಕೆ ಮುಹೂರ್ತ ಇದ್ದಾಗ 12ಕ್ಕೆ ಯಾರು ಹೋಗಿ ಚೀಲ ಕಟ್ಟುತ್ತಾರೆ? ಒಂದು ದಿನದ ಬಾಡಿಗೆ ಜಾಸ್ತಿ ಕಟ್ಟಿದೆವು. ಈ ಸಲ ಪತ್ರದಲ್ಲಿ ಹೀಗಿತ್ತು: "ಬೆಳಿಗ್ಗೆ ಹೊರಡುವಾಗ ಚೀಲ ಕಟ್ಟಿ 102ನೇ ಕೋಣೆಯಲ್ಲಿ ಇಡಿ. ಅದು ರಾತ್ರಿ 9ರವರೆಗೆ ನಮ್ಮದೇ. ಸೀರೆ ಬದಲಿಸಿ, ಮುಖ ತೊಳೆದು, ರೈಲಿಗೆ ಅಲ್ಲಿಂದಲೇ ಹೊರಡಬಹುದು."