ಮೈಬಣ್ಣದ ಹೊಂದಿಕೆ: ಪ್ರೈಮರಿ ಮೊದಲೋ, ಕ್ವಾಲಿಫೈಯರ್ ಮೊದಲೋ?

ಒಂದೇ ಸಂಭಾಷಣೆಯ ಎರಡು ಶಾಟ್‌ಗಳಲ್ಲಿ ಒಬ್ಬರದೇ ಮುಖ ಎರಡು ಬಣ್ಣಗಳಲ್ಲಿ ಕಾಣುತ್ತಿತ್ತು: ಕಿಟಕಿಯ ಬೆಳಕಿನಲ್ಲಿ ಸಹಜವಾಗಿ, ಟ್ಯೂಬ್‌ಲೈಟಿನ ಕೆಳಗೆ ಹಸಿರು ಛಾಯೆಯೊಂದಿಗೆ. ಎರಡನೆಯದನ್ನು ಮೊದಲನೆಯದಕ್ಕೆ ಹೊಂದಿಸಲು ವಿಡಿಯೊದ ಬಣ್ಣ ತಿದ್ದುವ ತಂತ್ರಾಂಶವಾದ ಡಾವಿಂಚಿ ರಿಸಾಲ್ವ್‌ನಲ್ಲಿ ಎರಡು ಕ್ರಮಗಳನ್ನು ಪ್ರಯೋಗಿಸಿದೆ: ಒಂದರಲ್ಲಿ ಆರಿಸಿದ ಬಣ್ಣವನ್ನಷ್ಟೇ ತಿದ್ದುವ ಕ್ವಾಲಿಫೈಯರ್ ಮೊದಲು, ಇನ್ನೊಂದರಲ್ಲಿ ಇಡೀ ಚಿತ್ರವನ್ನು ತಿದ್ದುವ ಪ್ರೈಮರಿ ಮೊದಲು.

ಅಳತೆಯ ವಿಧಾನ ಎರಡಕ್ಕೂ ಒಂದೇ. ಕೆನ್ನೆ ಮತ್ತು ಹಣೆಯ ಸುತ್ತ ವಿಂಡೋ ಬರೆದು, ಆರಿಸಿದ ಭಾಗವನ್ನಷ್ಟೇ ತೋರಿಸುವ ಹೈಲೈಟ್ ಆನ್ ಮಾಡಿದರೆ, ಬಣ್ಣದ ಛಾಯೆಯನ್ನು ಕೋನವಾಗಿಯೂ ಗಾಢತೆಯನ್ನು ಕೇಂದ್ರದಿಂದ ದೂರವಾಗಿಯೂ ತೋರಿಸುವ ವೆಕ್ಟರ್‌ಸ್ಕೋಪ್‌ನಲ್ಲಿ ಆ ಭಾಗದ ಬಣ್ಣ ಮಾತ್ರ ಉಳಿಯುತ್ತದೆ. ಕೆಂಪು ಮತ್ತು ಹಳದಿಯ ನಡುವಿನ ಸ್ಕಿನ್ ಟೋನ್ ರೇಖೆ ಸುಮಾರು 123 ಡಿಗ್ರಿಯಲ್ಲಿರುತ್ತದೆ. ಕಪ್ಪು, ಬಿಳಿ, ಗೋಧಿ ಎಲ್ಲ ಮೈಬಣ್ಣಗಳೂ ಸಾಮಾನ್ಯವಾಗಿ ಅದರ ಆಸುಪಾಸಿನಲ್ಲೇ ಬೀಳುತ್ತವೆ. ಆದರೆ ನಾನು ಗುರಿಯಾಗಿಟ್ಟುಕೊಂಡದ್ದು ರೇಖೆಯನ್ನಲ್ಲ, ಕಿಟಕಿಯ ಶಾಟ್‌ನಲ್ಲಿ ಆ ಮುಖ ತೋರಿಸಿದ ಕೋನವನ್ನು.

ಮೊದಲು ನೇರವಾಗಿ ಕ್ವಾಲಿಫೈಯರ್ ಹಿಡಿದೆ. ಕೆನ್ನೆಯಿಂದ ಬಣ್ಣವನ್ನು ಆರಿಸಿ ಹ್ಯೂ ತಿರುಗಿಸಿದ ಕೂಡಲೇ ಕೋನ ಹೊಂದಿತು, ಆದರೆ ಮುಖ ಹೊಂದಲಿಲ್ಲ. ಕಣ್ಣಿನ ಬಿಳಿಭಾಗ, ಹಲ್ಲು, ದವಡೆಯ ಕೆಳಗಿನ ನೆರಳು ಇವೆಲ್ಲ ಆಯ್ಕೆಯ ಹೊರಗುಳಿದು ಹಸಿರಾಗಿಯೇ ಇದ್ದವು. ಹಿಂದಿನ ಮರದ ಬಾಗಿಲು ಮಾತ್ರ ಒಳಗೆ ಸೇರಿಕೊಂಡಿತು. ಬಾಗಿಲನ್ನು ಟ್ರ್ಯಾಕ್ ಮಾಡಿದ ವಿಂಡೋದಿಂದ ಹೊರಗಿಡಬಹುದು. ಆದರೆ 8 ಬಿಟ್, 4:2:0 ದೃಶ್ಯಗಳಲ್ಲಿ ಬಣ್ಣದ ವಿವರವೇ ಕಡಿಮೆಯಿರುವುದರಿಂದ ಕೂದಲಂಚಿನಲ್ಲಿ ಆಯ್ಕೆ ಮಿನುಗುತ್ತದೆ, ಇದು ನಿಂತ ಫ್ರೇಮಿನಲ್ಲಿ ಕಾಣುವುದಿಲ್ಲ. ಹೈಲೈಟ್ ಆನ್ ಇಟ್ಟು ಶಾಟ್ ಓಡಿಸಿದಾಗ ಮಾತ್ರ ಗೊತ್ತಾಗುತ್ತದೆ.

ಎರಡನೆಯ ಕ್ರಮದಲ್ಲಿ ಮುಖವನ್ನು ಬಿಟ್ಟು ಬಿಳಿ ಕಾಲರಿನಿಂದ ಆರಂಭಿಸಿದೆ. ಹಸಿರು ಬೆಳಕು ಮೈಬಣ್ಣವನ್ನಷ್ಟೇ ತಿರುಗಿಸುವುದಿಲ್ಲ, ವೆಕ್ಟರ್‌ಸ್ಕೋಪ್‌ನಲ್ಲಿ ಇಡೀ ಚಿತ್ರದ ಗುರುತನ್ನು ಕೇಂದ್ರದಿಂದ ಪಕ್ಕಕ್ಕೆ ತಳ್ಳುತ್ತದೆ. ಕ್ವಾಲಿಫೈಯರ್ ಒಂದರಿಂದಲೇ ಇದು ಸರಿಹೋಗದಿರಲು ಕಾರಣವೂ ಇದೇ. ಪ್ರೈಮರಿಯ ಆಫ್‌ಸೆಟ್ ಮತ್ತು ಗೇನ್‌ಗಳನ್ನು ಮೆಜೆಂಟಾದ ಕಡೆಗೆ ಸರಿಸಿ ಕಾಲರನ್ನು ಕೇಂದ್ರಕ್ಕೆ ತಂದಾಗ ಹಲ್ಲೂ ನೆರಳೂ ತಾವಾಗಿಯೇ ಸರಿಯಾದವು, ಮುಖದ ಗುರುತು ಹಳದಿಯ ಕಡೆಗೆ ತುಸು ಮಾತ್ರ ವಾಲಿ ನಿಂತಿತು. ಆ ಉಳಿಕೆಗೆ ಅಗಲವಾದ, ಅಂಚು ಮೃದುವಾದ ಕ್ವಾಲಿಫೈಯರ್ ಸಾಕಾಯಿತು. ತಿದ್ದುಪಡಿ ಚಿಕ್ಕದಾದ್ದರಿಂದ ಮಿನುಗೂ ಕಾಣಲಿಲ್ಲ. ವೆಕ್ಟರ್‌ಸ್ಕೋಪ್ ಹೊಳಪನ್ನು ತೋರಿಸದ ಕಾರಣ ಅದನ್ನು ವೇವ್‌ಫಾರ್ಮ್‌ನಲ್ಲಿ ಬೇರೆಯಾಗಿ ಹೊಂದಿಸಿದೆ.

ನನ್ನ ಆಯ್ಕೆ ಸ್ಪಷ್ಟವಾಗಿ ಎರಡನೆಯದು. ಮುಖದ ಒಂದು ಪಕ್ಕಕ್ಕೆ ಕಿಟಕಿಯ ಬೆಳಕು, ಇನ್ನೊಂದಕ್ಕೆ ಟ್ಯೂಬ್‌ಲೈಟ್ ಬಿದ್ದಿದ್ದರೆ ಮಾತ್ರ ಪ್ರೈಮರಿ ಎರಡನ್ನೂ ಒಟ್ಟಿಗೆ ತಿದ್ದಲಾರದು. ಅಲ್ಲಿ ವಿಂಡೋ ಮತ್ತು ಕ್ವಾಲಿಫೈಯರ್‌ಗಳೇ ಮುಖ್ಯ ಕೆಲಸ ಮಾಡಬೇಕು. ಕ್ವಾಲಿಫೈಯರ್ ನೋಡ್ ಪ್ರೈಮರಿಯ ನಂತರ ಇರುವುದರಿಂದ, ಪ್ರೈಮರಿಯನ್ನು ಆಮೇಲೆ ಮುಟ್ಟಿದರೆ ಆಯ್ಕೆಯೂ ಜಾರುತ್ತದೆ ಎಂಬುದನ್ನು ಗಮನಿಸಿ, ಪ್ರತಿ ಬದಲಾವಣೆಯ ನಂತರ ಹೈಲೈಟ್‌ನಲ್ಲಿ ಮತ್ತೊಮ್ಮೆ ನೋಡಬೇಕು.