ಬಿಎಂಎಸ್ ನೆಟ್‌ವರ್ಕ್‌ಗೆ ಯಾವ ಬೀಗ ಕೆಲಸ ಮಾಡುತ್ತೆ? ವಿಲ್ಯಾನ್, ಫೈರ್‌ವಾಲ್, ವಿಪಿಎನ್, ಪ್ಯಾಚ್: ಬಳಸಿ ನೋಡಿದ ಹೋಲಿಕೆ

ಇಲ್ಲಿ ಹೇಳುತ್ತಿರುವುದು ಬೆಂಗಳೂರಿನ ಮಧ್ಯಮ ಗಾತ್ರದ ಆಫೀಸ್ ಕಟ್ಟಡದ ಲೆಕ್ಕ. ಟೆರೇಸ್ ಮೇಲೆ ಚಿಲ್ಲರ್, ಪ್ರತಿ ಫ್ಲೋರಿಗೆ ತಂಪು ಗಾಳಿ ಹಂಚೋ ಎಎಚ್‌ಯು, ಬೇಸ್‌ಮೆಂಟ್‌ನಲ್ಲಿ ಪಂಪು, ಡಿಜಿ, ಎನರ್ಜಿ ಮೀಟರ್, ಇವೆಲ್ಲವನ್ನೂ ನೋಡಿಕೊಳ್ಳೋ ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂನ, ಅಂದರೆ ಬಿಎಂಎಸ್‌ನ, ಒಂದು ಸರ್ವರ್. ಈ ಯಂತ್ರಗಳನ್ನು ನಡೆಸೋ ಕಂಟ್ರೋಲರ್‌ಗಳು ಬ್ಯಾಕ್‌ನೆಟ್ ಐಪಿ ಅನ್ನೋ ಭಾಷೆಯಲ್ಲಿ ಮಾತಾಡುತ್ತವೆ. ನಾನು ಕೆಲಸ ಮಾಡಿದ ಸೈಟ್‌ಗಳು ಹೆಚ್ಚುಕಮ್ಮಿ ಇದೇ ತರಹದವು. ಆಸ್ಪತ್ರೆ, ಏರ್‌ಪೋರ್ಟ್ ಕಥೆ ಬೇರೆ.

ಹೋಲಿಕೆಗೆ ಮೊದಲು ಒಂದು ವಿಷಯ ಗೊತ್ತಿರಬೇಕು. ಸಾಮಾನ್ಯ ಬ್ಯಾಕ್‌ನೆಟ್ ಐಪಿಯಲ್ಲಿ ಲಾಗಿನ್ ಅನ್ನುವುದೇ ಇಲ್ಲ. ಯುಡಿಪಿ ಪೋರ್ಟ್ 47808ಕ್ಕೆ ಪ್ಯಾಕೆಟ್ ತಲುಪಿದರೆ ಸಾಕು, ಕಂಟ್ರೋಲರ್ ಉತ್ತರ ಕೊಡುತ್ತದೆ. ವ್ಯಾಲ್ಯೂ ಬರೆಯಿರಿ ಅಂದರೆ ಬಹುಪಾಲು ಕಂಟ್ರೋಲರ್‌ಗಳು ಬರೆದೇಬಿಡುತ್ತವೆ. ಒಂದು ವಾಲ್ವ್ ಔಟ್‌ಪುಟ್‌ಗೆ ಯಾರಾದರೂ ಪ್ರಯಾರಿಟಿ 8ರಲ್ಲಿ ಸೊನ್ನೆ ಬರೆದು ಹೋದರೆ, ಅದಕ್ಕಿಂತ ಕೆಳಗಿನ, ಅಂದರೆ ಹೆಚ್ಚಿನ ನಂಬರಿನ ಪ್ರಯಾರಿಟಿಯಲ್ಲಿ ಬರೆಯೋ ನಿಮ್ಮ ಪ್ರೋಗ್ರಾಂ ಎಷ್ಟು ಬಾರಿ 100 ಅಂದರೂ ವಾಲ್ವ್ ಮುಚ್ಚಿಯೇ ಇರುತ್ತದೆ, ಆ 8ನ್ನು ಯಾರಾದರೂ ಬಿಡಿಸುವವರೆಗೆ. ಗ್ರಾಫಿಕ್ಸ್ ಮೇಲೆ ಅದು ಆಪರೇಟರ್ ಮಾಡಿದ ಮ್ಯಾನುವಲ್ ಓವರ್‌ರೈಡ್ ತರಹವೇ ಕಾಣಿಸುತ್ತದೆ. ಹಾಗಾಗಿ ಪೋರ್ಟ್ 47808ನ್ನು ಯಾರು ಮುಟ್ಟಬಹುದು ಅನ್ನುವುದೇ ಇಲ್ಲಿ ಮುಖ್ಯ ಪ್ರಶ್ನೆ.

ಬರೀ ವಿಲ್ಯಾನ್, ವಿಲ್ಯಾನ್ ಜೊತೆ ಫೈರ್‌ವಾಲ್, ಬೇರೆಯೇ ಸ್ವಿಚ್

ಬರೀ ವಿಲ್ಯಾನ್, ಅಂದರೆ ಒಂದೇ ಸ್ವಿಚ್ಚನ್ನು ಬೇರೆಬೇರೆ ನೆಟ್‌ವರ್ಕ್‌ಗಳಾಗಿ ಭಾಗ ಮಾಡೋದು, ಅಗ್ಗ. ಐಟಿಯವರು ಇರುವ ಸ್ವಿಚ್‌ನಲ್ಲೇ ಬಿಎಂಎಸ್‌ಗೆ ಒಂದು ನಂಬರ್ ಕೊಟ್ಟು ಮುಗಿಸುತ್ತಾರೆ. ಆಮೇಲೆ ಟೆಸ್ಟ್ ಹೀಗೆ ನಡೆಯುತ್ತದೆ: ಆಫೀಸ್ ವಿಲ್ಯಾನ್‌ನಲ್ಲಿ ಲ್ಯಾಪ್‌ಟಾಪ್ ಹಾಕಿ, ಬ್ಯಾಕ್‌ನೆಟ್ ಬ್ರೌಸರ್ ತೆರೆದು, 'ಯಾರ್ಯಾರಿದ್ದೀರಿ' ಅಂತ ಕೇಳೋ ಹೂ-ಈಸ್ ಕಳಿಸುತ್ತಾರೆ. ಒಂದೂ ಡಿವೈಸ್ ಕಾಣಿಸುವುದಿಲ್ಲ. ಸೇಫ್ ಅಂತ ರಿಪೋರ್ಟ್ ಬರೆಯುತ್ತಾರೆ.

ಅದು ಸೇಫ್ ಅಲ್ಲ. ಹೂ-ಈಸ್ ಒಂದು ಬ್ರಾಡ್‌ಕಾಸ್ಟ್, ಅದು ರೂಟರ್ ದಾಟುವುದಿಲ್ಲ, ಅಷ್ಟೇ. ಎರಡು ವಿಲ್ಯಾನ್‌ಗಳ ನಡುವೆ ರೂಟಿಂಗ್ ತೆರೆದೇ ಇದ್ದರೆ ನೇರವಾಗಿ ಒಂದು ಐಪಿಗೆ ಕಳಿಸಿದ ಪ್ಯಾಕೆಟ್ ಆರಾಮವಾಗಿ ಹೋಗುತ್ತದೆ. ಇನ್ನೂ ಸುಲಭದ ದಾರಿ ಬಿಬಿಎಂಡಿ. ಬ್ರಾಡ್‌ಕಾಸ್ಟನ್ನು ಒಂದು ಸಬ್‌ನೆಟ್‌ನಿಂದ ಇನ್ನೊಂದಕ್ಕೆ ದಾಟಿಸಲೆಂದೇ ಅದನ್ನು ಇಟ್ಟಿರುತ್ತಾರೆ. ಅದಕ್ಕೆ ಹೊರಗಿನ ಡಿವೈಸ್ 'ನನ್ನನ್ನೂ ಸೇರಿಸಿಕೋ' ಅಂತ ಫಾರಿನ್ ಡಿವೈಸ್ ಆಗಿ ರಿಜಿಸ್ಟರ್ ಆಗಬಹುದು, ಅದಕ್ಕೂ ಪಾಸ್‌ವರ್ಡ್ ಇಲ್ಲ. ಒಂದು ಸೈಟ್‌ನಲ್ಲಿ ಅದೇ ಲ್ಯಾಪ್‌ಟಾಪ್‌ನಿಂದ ಬಿಬಿಎಂಡಿಯ ಐಪಿ ಕೊಟ್ಟು ರಿಜಿಸ್ಟರ್ ಮಾಡಿ ಮತ್ತೆ ಹೂ-ಈಸ್ ಕಳಿಸಿದಾಗ ಚಿಲ್ಲರ್‌ನಿಂದ ಹಿಡಿದು ಬೇಸ್‌ಮೆಂಟ್ ಫ್ಯಾನ್‌ವರೆಗೆ ಎಲ್ಲವೂ ಸಾಲಾಗಿ ಬಂದವು. ಐಟಿ ಮ್ಯಾನೇಜರ್ ಮುಖ ನೋಡಬೇಕಿತ್ತು.

ನಿಮ್ಮ ಸೈಟ್ ಹೇಗಿದೆ ಅಂತ ನೋಡಬೇಕಾದರೆ ಆಫೀಸ್ ವಿಲ್ಯಾನ್‌ನಿಂದ, ನಿಮ್ಮ ಕಂಟ್ರೋಲರ್‌ಗಳ ಸಬ್‌ನೆಟ್ ಹಾಕಿ, ಇದನ್ನು ಓಡಿಸಿ. ಅನುಮತಿ ಪಡೆದು, ಕಟ್ಟಡ ಖಾಲಿ ಇರುವಾಗ ಮಾಡಿ. ಈ ಒಂದು ಪೋರ್ಟ್ ಬಿಟ್ಟು ಬೇರೆ ಪೋರ್ಟ್ ಸ್ಕ್ಯಾನ್ ಮಾಡಬೇಡಿ, ಹಳೇ ಕಂಟ್ರೋಲರ್‌ಗಳು ಫುಲ್ ಸ್ಕ್ಯಾನ್‌ಗೆ ಹ್ಯಾಂಗ್ ಆಗೋದುಂಟು.

```
nmap -sU -p 47808 --script bacnet-info 10.20.30.0/24
```

ಡಿವೈಸ್ ಹೆಸರು, ವೆಂಡರ್, ಫರ್ಮ್‌ವೇರ್ ಆವೃತ್ತಿ ಬಂದರೆ ನಿಮ್ಮ ವಿಲ್ಯಾನ್ ಬರೀ ಹೆಸರಿಗೆ ಇದೆ ಅಂತ ಅರ್ಥ.

ಎರಡನೇ ಆಯ್ಕೆ, ವಿಲ್ಯಾನ್‌ಗಳ ನಡುವೆ ಫೈರ್‌ವಾಲ್. ನನ್ನ ಓಟು ಇದಕ್ಕೇ. ಆದರೆ ನಿಯಮ ಬರೆಯೋದರಲ್ಲಿ ಎರಡು ಕಡೆ ಜನ ಸಿಕ್ಕಿಹಾಕಿಕೊಳ್ಳುತ್ತಾರೆ. ಸರ್ವರ್ 10.20.10.5ರಲ್ಲಿದೆ, ಕಂಟ್ರೋಲರ್‌ಗಳು 10.20.30ರಲ್ಲಿವೆ, ಬಿಬಿಎಂಡಿ ಅಲ್ಲೇ 10.20.30.2 ಅಂದುಕೊಳ್ಳಿ. ಸರ್ವರ್ ಆ ಬಿಬಿಎಂಡಿಗೆ ಫಾರಿನ್ ಡಿವೈಸ್ ಆಗಿ ಸೇರಿಕೊಂಡಿದೆ. ಐಟಿಯವರು ಸರ್ವರ್‌ನಿಂದ ಬಿಬಿಎಂಡಿಗೆ ಮಾತ್ರ ದಾರಿ ಬಿಟ್ಟರೆ ಡಿವೈಸ್ ಪಟ್ಟಿ ಪೂರ್ತಿ ಬರುತ್ತದೆ, ವ್ಯಾಲ್ಯೂ ಮಾತ್ರ ಒಂದೂ ಬರುವುದಿಲ್ಲ. ಯಾಕೆಂದರೆ ಹುಡುಕೋದು ಬಿಬಿಎಂಡಿ ಮೂಲಕ, ಓದೋದು ನೇರವಾಗಿ ಒಂದೊಂದೇ ಕಂಟ್ರೋಲರ್‌ನಿಂದ.

ಎರಡನೇದು ಇನ್ನೂ ಕಿರಿಕಿರಿ. ಸರ್ವರ್‌ನಿಂದ ಹೊರಡುವ ದಿಕ್ಕಿಗೆ ಮಾತ್ರ ಅನುಮತಿ ಕೊಟ್ಟು, ವಾಪಸ್ ಉತ್ತರವನ್ನು ಫೈರ್‌ವಾಲ್ ತಾನೇ ನೆನಪಿಟ್ಟುಕೊಂಡು ಬಿಡುತ್ತದೆ ಅಂತ ನಂಬುತ್ತಾರೆ. ಸರ್ವರ್ ಕೇಳಿ ಕೇಳಿ ಓದೋ ಪಾಯಿಂಟ್‌ಗಳು ಚೆನ್ನಾಗಿಯೇ ಬರುತ್ತವೆ. ಆದರೆ ಸಿಒವಿ ಪಾಯಿಂಟ್‌ಗಳಲ್ಲಿ, ಅಂದರೆ ವ್ಯಾಲ್ಯೂ ಬದಲಾದಾಗ ಕಂಟ್ರೋಲರ್ ತಾನಾಗಿ ಕಳಿಸೋ ಪಾಯಿಂಟ್‌ಗಳಲ್ಲಿ, ತೊಂದರೆ ಶುರು. ಲಿನಕ್ಸ್ ಫೈರ್‌ವಾಲ್ ಒಂದು ಯುಡಿಪಿ ಮಾತುಕತೆಯನ್ನು ಡೀಫಾಲ್ಟ್ ಆಗಿ 30 ಸೆಕೆಂಡ್ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಎರಡೂ ಕಡೆಯಿಂದ ಹೋಗಿಬಂದು ನಡೆದರೆ ಸ್ವಲ್ಪ ಜಾಸ್ತಿ. ಹತ್ತು ನಿಮಿಷ ಬಿಟ್ಟು ಕಂಟ್ರೋಲರ್ ಏನಾದರೂ ಹೇಳಲು ಬಂದರೆ ಬಾಗಿಲು ಮುಚ್ಚಿರುತ್ತದೆ. ಲಕ್ಷಣ ಹೀಗೆ: ಸರ್ವರ್ ರೀಸ್ಟಾರ್ಟ್ ಮಾಡಿದ ಕೂಡಲೇ ಎಲ್ಲ ಸರಿ, ಸ್ವಲ್ಪ ಹೊತ್ತಿಗೆ ಕೆಲವು ಟೆಂಪರೇಚರ್ ಅಲ್ಲಾಡದೆ ನಿಂತುಬಿಡುತ್ತವೆ, ಅಲಾರಂ ಬರುವುದಿಲ್ಲ. ಸೆನ್ಸರ್ ಹೋಗಿದೆ ಅಂತ ಸೆನ್ಸರ್ ಬದಲಾಯಿಸಿದವರನ್ನೂ ಕಂಡಿದ್ದೇನೆ. ಹಾಗಾಗಿ ಎರಡೂ ದಿಕ್ಕನ್ನು ಬಾಯಿಬಿಟ್ಟು ಬರೆಯಬೇಕು:

```
-A FORWARD -s 10.20.10.5 -d 10.20.30.0/24 -p udp --dport 47808 -j ACCEPT
-A FORWARD -s 10.20.30.0/24 -d 10.20.10.5 -p udp --dport 47808 -j ACCEPT
-A FORWARD -d 10.20.30.0/24 -j DROP
-A FORWARD -s 10.20.30.0/24 -j DROP
```

ಕೊನೆಯ ಸಾಲು ಕಂಟ್ರೋಲರ್‌ಗಳು ಇಂಟರ್ನೆಟ್ ಕಡೆ ಹೋಗದಂತೆ ತಡೆಯಲು. ಇದಾದ ಮೇಲೆ ಟೈಮ್ ಸಿಂಕ್ ನಿಂತುಹೋಗಬಹುದು, ಶೆಡ್ಯೂಲ್ ನಿಧಾನವಾಗಿ ಹಿಂದೆ ಮುಂದೆ ಆಗುತ್ತದೆ. ಸರ್ವರ್‌ನಿಂದಲೇ ಕಂಟ್ರೋಲರ್‌ಗಳಿಗೆ ಟೈಮ್ ಕೊಡಿಸಿ.

ಮೂರನೇದು, ಬಿಎಂಎಸ್‌ಗೆ ಪ್ರತ್ಯೇಕ ಸ್ವಿಚ್, ಪ್ರತ್ಯೇಕ ಫೈಬರ್. ಕೇಳೋಕೆ ಗಟ್ಟಿ, ಹೊಸ ಕಟ್ಟಡದಲ್ಲಿ ಮಾಡೋದು ಕಷ್ಟವಲ್ಲ. ಹಳೇ ಕಟ್ಟಡದಲ್ಲಿ ರೈಸರ್ ತುಂಬಾ ಕೇಬಲ್ ಎಳೆಯಬೇಕು. ಇಷ್ಟೆಲ್ಲ ಮಾಡಿದರೂ ಕೊನೆಗೆ ಯಾರಿಗೋ ಆಫೀಸ್ ಸೀಟಿನಿಂದ ಗ್ರಾಫಿಕ್ಸ್ ನೋಡಬೇಕು ಅನಿಸುತ್ತದೆ, ಬಿಎಂಎಸ್ ಸರ್ವರ್‌ಗೆ ಎರಡನೇ ನೆಟ್‌ವರ್ಕ್ ಕಾರ್ಡ್ ಹಾಕಿ ಆಫೀಸ್ ಕೇಬಲ್ ಚುಚ್ಚುತ್ತಾರೆ. ಅಲ್ಲಿಗೆ ಪ್ರತ್ಯೇಕತೆ ಮುಗೀತು, ಮಧ್ಯದಲ್ಲಿ ಫೈರ್‌ವಾಲೂ ಇಲ್ಲ. ಅದಕ್ಕೇ ಎರಡನೇ ಆಯ್ಕೆ ನನಗೆ ಇಷ್ಟ.

ಸ್ಕ್ರೀನ್ ಶೇರ್, ವಿಪಿಎನ್, ವಿಪಿಎನ್ ಜೊತೆ ಜಂಪ್ ಪಿಸಿ

ದೂರದಿಂದ ಒಳಗೆ ಬರೋ ದಾರಿ ಯಾವುದಾದರೂ ತೆರೆದಿದ್ದರೆ ಮೇಲಿನ ಶ್ರಮ ಅರ್ಧಕ್ಕೆ ಅರ್ಧ ವ್ಯರ್ಥ. 2021ರಲ್ಲಿ ಜರ್ಮನಿಯ ಒಂದು ಕಟ್ಟಡದಲ್ಲಿ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಒಂದು ಯುಡಿಪಿ ಪೋರ್ಟ್ ಮೂಲಕ ಯಾರೋ ಒಳಗೆ ಬಂದರು. ಬ್ಯಾಕ್‌ನೆಟ್ ತರಹದ್ದೇ ಇನ್ನೊಂದು ಭಾಷೆಯಾದ ಕೆಎನ್‌ಎಕ್ಸ್‌ನ ಡಿವೈಸ್‌ಗಳ ಪ್ರೋಗ್ರಾಂ ಅಳಿಸಿ, ಬಿಸಿಯು ಕೀ ಅನ್ನೋ ತಮ್ಮದೇ ಪಾಸ್‌ವರ್ಡ್ ಹಾಕಿ ಹೋದರು. ಲೈಟ್ ಸ್ವಿಚ್, ಶಟರ್ ಕಂಟ್ರೋಲರ್ ಸೇರಿ ಮುಕ್ಕಾಲು ಪಾಲು ಡಿವೈಸ್‌ಗಳು ಲಾಕ್ ಆದವು. ಕೊನೆಗೆ ಲೈಮ್ಸ್ ಸೆಕ್ಯುರಿಟಿ ಅನ್ನೋ ಕಂಪನಿಯವರು ಡಿವೈಸ್‌ಗಳ ಮೆಮೊರಿಯಿಂದ ಆ ಕೀ ಹೊರತೆಗೆದರು. ತಡೆಯೋಕೆ ಅಲ್ಲಿ ದುಬಾರಿ ಸಾಮಾನು ಏನೂ ಬೇಕಿರಲಿಲ್ಲ, ಆ ಪೋರ್ಟ್ ಹೊರಗೆ ಕಾಣದಿದ್ದರೆ ಸಾಕಿತ್ತು.

ನಮ್ಮ ಕಡೆ ಜಾಸ್ತಿ ಕಾಣೋದು ಬಿಎಂಎಸ್ ಪಿಸಿ ಮೇಲೆ ಸ್ಕ್ರೀನ್ ಶೇರ್ ಆ್ಯಪ್. ಉಚಿತ, ಐದು ನಿಮಿಷದ ಕೆಲಸ, ಮತ್ತು ಪೋರ್ಟ್ 443ರಲ್ಲಿ ಒಳಗಿನಿಂದಲೇ ಹೊರಗೆ ಹೋಗುವುದರಿಂದ ಯಾರನ್ನೂ ಕೇಳಬೇಕಿಲ್ಲ. ಪಾಸ್‌ವರ್ಡ್ ವಾಟ್ಸಾಪ್ ಗ್ರೂಪ್‌ನಲ್ಲಿ ಓಡಾಡುತ್ತದೆ, ಕೆಲಸ ಬಿಟ್ಟವರ ಫೋನ್‌ನಲ್ಲೂ ಇರುತ್ತದೆ. ಒಳಗೆ ಬಂದವನಿಗೆ ಅಡ್ಮಿನ್ ಆಗಿ ಲಾಗಿನ್ ಆಗಿಯೇ ಇರುವ ಸ್ಕ್ರೀನ್ ಸಿಗುತ್ತದೆ. ಸೆಟ್‌ಪಾಯಿಂಟ್ ಯಾರು ಬದಲಿಸಿದರು ಅಂತ ಆಡಿಟ್ ಲಾಗ್ ನೋಡಿದರೆ ಪ್ರತಿ ಸಾಲಿನಲ್ಲೂ ಅದೇ ಅಡ್ಮಿನ್. ನನ್ನ ಲೆಕ್ಕದಲ್ಲಿ ಇದು ಇರಲೇಬಾರದು.

ವಿಪಿಎನ್ ಇದಕ್ಕಿಂತ ಎಷ್ಟೋ ಮೇಲು. ವೈರ್‌ಗಾರ್ಡ್ ಹಾಕಿ ನೋಡಿದೆ, ಸೆಟಪ್ ಸರಳ, ಕೀ ಇಲ್ಲದವರಿಗೆ ಅದು ಉತ್ತರವನ್ನೇ ಕೊಡುವುದಿಲ್ಲ, ಸ್ಕ್ಯಾನ್ ಮಾಡಿದರೂ ಪೋರ್ಟ್ ಇದೆ ಅಂತ ಗೊತ್ತಾಗುವುದಿಲ್ಲ. ತೊಂದರೆ ಏನೆಂದರೆ ಚಿಲ್ಲರ್ ವೆಂಡರ್‌ನ ಲ್ಯಾಪ್‌ಟಾಪ್ ನೇರ ನಿಮ್ಮ ನೆಟ್‌ವರ್ಕ್ ಒಳಗೆ ಬಂದು ಕೂರುತ್ತದೆ. ಆ ಲ್ಯಾಪ್‌ಟಾಪ್ ಬೆಳಗ್ಗೆ ಇನ್ಯಾವ ಸೈಟ್‌ನಲ್ಲಿ ಚುಚ್ಚಿತ್ತೋ, ಅದರಲ್ಲಿ ಏನಿದೆಯೋ.

ಜಂಪ್ ಪಿಸಿ ಅಂದರೆ ವಿಪಿಎನ್‌ನಲ್ಲಿ ಬಂದವರು ಒಂದೇ ಒಂದು ಮಷಿನ್‌ವರೆಗೆ ಮಾತ್ರ ಬರಬಹುದು, ಅಲ್ಲಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ. ಅವರ ಲ್ಯಾಪ್‌ಟಾಪ್‌ನಿಂದ 47808ಕ್ಕೆ ದಾರಿಯಿಲ್ಲ. ಇದಕ್ಕೆ ಒಟಿಪಿ, ಪ್ರತಿಯೊಬ್ಬರಿಗೂ ಅವರದೇ ಲಾಗಿನ್. ಭದ್ರತೆಯಲ್ಲಿ ಇದೇ ಮುಂದೆ, ಬಳಕೆಯಲ್ಲಿ ಇದೇ ತಲೆನೋವು. ರಾತ್ರಿ ಎರಡು ಗಂಟೆಗೆ ಚಿಲ್ಲರ್ ಟ್ರಿಪ್ ಆಗಿ ಸರ್ವರ್ ರೂಮ್ ಬಿಸಿಯಾಗುತ್ತಿರುವಾಗ, ಒಟಿಪಿ ಹೋಗೋ ಫೋನ್ ನೋಟಿಸ್ ಪೀರಿಯಡ್ ಮುಗಿಸಿ ಹೋದ ಹುಡುಗನದ್ದು ಅಂತ ಗೊತ್ತಾದರೆ ಏನು ಮಾಡ್ತೀರಿ? ಸ್ಕ್ರೀನ್ ಶೇರ್ ಆ್ಯಪ್ ವಾಪಸ್ ಬರುತ್ತದೆ, ಅಷ್ಟೇ.

ಕೊನೆಗೆ ನಿಂತ ಏರ್ಪಾಡು ಇದು. ವೆಂಡರ್ ಖಾತೆಗಳು ಯಾವಾಗಲೂ ಆಫ್. ವೆಂಡರ್ ಫೋನ್ ಮಾಡಬೇಕು, ಶಿಫ್ಟ್ ಎಂಜಿನಿಯರ್ ನಾಲ್ಕು ಗಂಟೆಗಳ ಕಾಲ ಆನ್ ಮಾಡುತ್ತಾರೆ, ಸಮಯ ಮುಗಿದರೆ ತಾನೇ ಆಫ್. ಶಿಫ್ಟ್‌ನವರಿಗೆ ಕೊಟ್ಟಿರೋದು ಆನ್ ಬಟನ್ ಮಾತ್ರ, ಹೊಸ ಖಾತೆ ಮಾಡೋ ಅಧಿಕಾರ ಅಲ್ಲ. ವೆಂಡರ್‌ಗಳು ಮೊದಲು ಗೊಣಗಿದರು, ಆಮೇಲೆ ಒಗ್ಗಿಕೊಂಡರು.

ಪ್ಯಾನೆಲ್ ಬಾಗಿಲು ತೆಗೆದು ಸಣ್ಣ ಆಂಟೆನಾ ಇದೆಯಾ ಅಂತಲೂ ನೋಡಿ. ವೆಂಡರ್ ತನ್ನ ಅನುಕೂಲಕ್ಕೆ ಇಟ್ಟ 4ಜಿ ರೂಟರ್ ನಿಮ್ಮ ಫೈರ್‌ವಾಲ್‌ಗೆ ಕಾಣಿಸುವುದೇ ಇಲ್ಲ. ಸ್ಟ್ಯಾಟಿಕ್ ಐಪಿ ಸಿಮ್ ಆದರೆ ಇನ್ನೂ ಕೆಟ್ಟದ್ದು, ಅದನ್ನು ಹೊರಗಿನಿಂದ ನೇರ ಮುಟ್ಟಬಹುದು.

ಬಂದ ಕೂಡಲೇ ಪ್ಯಾಚ್, ಶಟ್‌ಡೌನ್‌ನಲ್ಲಿ ಪ್ಯಾಚ್, ಪ್ಯಾಚೇ ಬೇಡ

ಇಲ್ಲಿ ಐಟಿಯವರ ಅಭ್ಯಾಸ ಹಾಗೇ ನಡೆಯುವುದಿಲ್ಲ. ಕಂಟ್ರೋಲರ್ ಫರ್ಮ್‌ವೇರ್ ಬದಲಾದರೆ ಅದು ರೀಸ್ಟಾರ್ಟ್ ಆಗುತ್ತದೆ, ಔಟ್‌ಪುಟ್‌ಗಳು ಸ್ವಲ್ಪ ಹೊತ್ತು ಡೀಫಾಲ್ಟ್‌ಗೆ ಹೋಗುತ್ತವೆ, ಎಎಚ್‌ಯು ನಿಲ್ಲುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಸೆಟ್‌ಪಾಯಿಂಟ್, ಶೆಡ್ಯೂಲ್ ಎರಡೂ ಫ್ಯಾಕ್ಟರಿ ವ್ಯಾಲ್ಯೂಗೆ ಮರಳಿದ್ದನ್ನು ನೋಡಿದ್ದೇನೆ. ಇನ್ನು 'ಓಡ್ತಾ ಇದೆ, ಮುಟ್ಟಬೇಡಿ' ಅನ್ನೋರ ವಾದ. ಅದೂ ಪೂರ್ತಿ ಸರಿಯಲ್ಲ. 2013ರಲ್ಲಿ ಸಿಡ್ನಿಯ ಗೂಗಲ್ ಆಫೀಸಿನ ಬಿಎಂಎಸ್ ಒಳಗೆ ಇಬ್ಬರು ಸಂಶೋಧಕರು ಹೋಗಿ ತೋರಿಸಿದರು. ಅಲ್ಲಿ ಓಡುತ್ತಿದ್ದ ನಯಾಗರ ಸಾಫ್ಟ್‌ವೇರ್‌ಗೆ ಪ್ಯಾಚ್ ಬಂದಿತ್ತು, ಹಾಕಿರಲಿಲ್ಲ.

ನಾನು ಸಾಮಾನು ನೋಡಿ ಭಾಗ ಮಾಡುತ್ತೇನೆ. ಸರ್ವರ್, ಜಂಪ್ ಪಿಸಿ, ಫೈರ್‌ವಾಲ್, ವಿಪಿಎನ್ ಇವಕ್ಕೆ ಪ್ರತಿ ತಿಂಗಳು. ಸರ್ವರ್ ಅರ್ಧ ಗಂಟೆ ಆಫ್ ಆದರೂ ಕಂಟ್ರೋಲರ್‌ಗಳು ತಮ್ಮ ಪಾಡಿಗೆ ಓಡುತ್ತವೆ, ಭಯ ಬೇಡ. ವಿಂಡೋಸ್ 10ಗೆ ಮೈಕ್ರೋಸಾಫ್ಟ್ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ನಿಂತಿದೆ, ಸರ್ವರ್ ಇನ್ನೂ ಅದರ ಮೇಲಿದ್ದರೆ ಮೊದಲ ಖರ್ಚು ಅಲ್ಲೇ. ಸಾಫ್ಟ್‌ವೇರ್ ಮೇಂಟೆನೆನ್ಸ್ ಒಪ್ಪಂದ ಮುಗಿದಿದ್ದರೆ ಬಿಎಂಎಸ್ ಲೈಸೆನ್ಸ್ ಹೊಸ ಆವೃತ್ತಿಯನ್ನು ಒಪ್ಪದೇ ಇರಬಹುದು, ಅದನ್ನೂ ಮೊದಲೇ ನೋಡಿಕೊಳ್ಳಿ.

ಕಂಟ್ರೋಲರ್‌ಗಳಿಗೆ ಶಟ್‌ಡೌನ್ ದಿನ ಮಾತ್ರ, ಅದೂ ಟೇಬಲ್ ಮೇಲೆ ಅದೇ ಮಾಡೆಲ್‌ನ ಒಂದು ಸ್ಪೇರ್‌ಗೆ ಹಾಕಿ ನೋಡಿದ ನಂತರ. ಬ್ಯಾಕಪ್ ತೆಗೆದು, ಅದೇ ಬ್ಯಾಕಪ್ಪನ್ನು ಸ್ಪೇರ್‌ಗೆ ವಾಪಸ್ ಹಾಕಿ ನೋಡಿ. ಅದು ಓಡದಿದ್ದರೆ ಸೈಟ್‌ನಲ್ಲಿರೋ ಕಂಟ್ರೋಲರ್ ಮುಟ್ಟೋದೇ ಬೇಡ. ಕಂಪನಿಯೇ ಕೈಬಿಟ್ಟ ಹಳೇ ಕಂಟ್ರೋಲರ್‌ಗಳಿಗೆ ಪ್ಯಾಚ್ ಬರುವುದೇ ಇಲ್ಲ, ಅವನ್ನು ಮೇಲಿನ ನಾಲ್ಕು ಸಾಲಿನ ನಿಯಮದ ಹಿಂದೆಯೇ ಇಟ್ಟಿರುತ್ತೇನೆ.

ಬ್ಯಾಕ್‌ನೆಟ್ ಸೆಕ್ಯೂರ್ ಕನೆಕ್ಟ್ ಹಾಕಿದರೆ ಇದೆಲ್ಲ ಬೇಕಾ ಅಂತ ಕೇಳುತ್ತಾರೆ. ಅದರಲ್ಲಿ ಎನ್‌ಕ್ರಿಪ್ಷನ್ ಇದೆ, ಸರ್ಟಿಫಿಕೇಟ್ ಇಲ್ಲದ ಡಿವೈಸ್ ಸೇರಿಕೊಳ್ಳಲಾಗದು, ಬ್ರಾಡ್‌ಕಾಸ್ಟ್ ಮತ್ತು ಬಿಬಿಎಂಡಿ ಗೋಳೂ ಇಲ್ಲ. ಆದರೆ ಹಳೇ ಕಂಟ್ರೋಲರ್‌ಗಳಲ್ಲಿ ಹೆಚ್ಚಿನವಕ್ಕೆ ಅದು ಬರುವುದಿಲ್ಲ, ಮಧ್ಯೆ ರೂಟರ್ ಇಟ್ಟರೆ ಅದರ ಹಿಂದೆ ಅದೇ ಹಳೇ ಬ್ಯಾಕ್‌ನೆಟ್. ಸರ್ಟಿಫಿಕೇಟ್ ಅವಧಿ ಮುಗಿದರೆ ಡಿವೈಸ್ ನೆಟ್‌ವರ್ಕ್‌ನಿಂದ ಬಿದ್ದುಹೋಗುತ್ತದೆ, ಅದನ್ನು ಯಾರು ನವೀಕರಿಸಬೇಕು ಅನ್ನುವುದು ಎಎಂಸಿ ಕರಾರಿನಲ್ಲಿ ಇರೋದೇ ಇಲ್ಲ. ಹೊಸ ಕಟ್ಟಡದ ಟೆಂಡರ್ ಆದರೆ ಕೇಳಿ ಹಾಕಿಸಿಕೊಳ್ಳಿ, ನವೀಕರಣದ ಹೊಣೆಯನ್ನೂ ಅದೇ ಕಾಗದದಲ್ಲಿ ಬರೆಸಿ. ಇರೋ ಕಟ್ಟಡಕ್ಕೆ ಸದ್ಯ ನಾನು ಆ ದುಡ್ಡನ್ನು ಫೈರ್‌ವಾಲ್ ಮತ್ತು ಜಂಪ್ ಪಿಸಿಗೇ ಹಾಕುತ್ತೇನೆ.