ReaComp ಜೊತೆ ನಾಲ್ಕು ಮಳೆಗಾಲ

ಸಾಗರದ ಹತ್ತಿರ ನಮ್ಮದು ಹಂಚಿನ ಮನೆ. ಅದರ ಒಳಕೋಣೆಯೇ ನನ್ನ ಸ್ಟುಡಿಯೋ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರುವ ReaComp ಅನ್ನೋ ಕಂಪ್ರೆಸರನ್ನು, ಅಂದರೆ ಜೋರು ದನಿಯನ್ನು ತಾನಾಗಿ ತಗ್ಗಿಸುವ ಉಪಕರಣವನ್ನು, ನಾಲ್ಕು ಮಳೆಗಾಲದಿಂದ ಬಳಸುತ್ತಿದ್ದೇನೆ. ವಿಂಡೋಸ್‌ನಲ್ಲಿ ಬೇರೆ ಸಾಫ್ಟ್‌ವೇರ್ ಇಟ್ಟುಕೊಂಡವರಿಗೂ ಇದು ReaPlugs ಹೆಸರಲ್ಲಿ ಉಚಿತವಾಗಿ ಸಿಗುತ್ತದೆ. ನೋಡೋಕೆ ಬ್ಯಾಂಕಿನ ಚಲನ್ ಥರ ಇದೆ, ಸ್ಲೈಡರ್ ಮತ್ತು ಅಂಕಿ ಬಿಟ್ಟರೆ ಏನೂ ಇಲ್ಲ. ಮೊದಲ ವರ್ಷ ಬೈದುಕೊಂಡೇ ಬಳಸಿದೆ. ತಪ್ಪು ನನ್ನದೇ ಆಗಿತ್ತು.

ಹೋದ ಜೂನ್‌ನಲ್ಲಿ ಅತ್ತೆಯಿಂದ ಒಂದು ಭಾವಗೀತೆ ಹಾಡಿಸಿದೆ. ಪಲ್ಲವಿಯನ್ನು ಮೆಲ್ಲಗೆ ಹಾಡುತ್ತಾರೆ, ಮೀಟರಿನಲ್ಲಿ -26 ಡಿಬಿ ಆಸುಪಾಸು. ಚರಣದಲ್ಲಿ ತಾರಕಕ್ಕೆ ಏರಿದರೆ -8. ನಡುವೆ 18 ಡಿಬಿ ಅಂತರ. ಪಲ್ಲವಿ ಕೇಳಿಸಲಿ ಅಂತ ವಾಲ್ಯೂಮ್ ಏರಿಸಿದರೆ ಚರಣ ಕಿವಿಗೆ ಹೊಡೆಯುತ್ತದೆ.

ಹಿಂಡುವುದು ಶುರುವಾಗುವ ಗೆರೆ ಥ್ರೆಶ್‌ಹೋಲ್ಡ್, ಅದನ್ನು -20 ಇಟ್ಟೆ. ಗೆರೆ ದಾಟಿದ್ದನ್ನು ಎಷ್ಟಕ್ಕೆ ಇಳಿಸಬೇಕು ಅನ್ನೋದು ರೇಶಿಯೋ, ಅದನ್ನು 3:1 ಇಟ್ಟೆ. -26ರ ಪಲ್ಲವಿ ಗೆರೆ ಮುಟ್ಟುವುದೇ ಇಲ್ಲ, ಹಾಗೇ ಉಳಿಯುತ್ತದೆ. -8ರ ಚರಣ ಗೆರೆಗಿಂತ 12 ಡಿಬಿ ಮೇಲಿದೆ. ಮೂರಕ್ಕೆ ಒಂದರಂತೆ ಬಿಟ್ಟರೆ 4 ಮಾತ್ರ ಹೊರಬರುತ್ತದೆ, ಅಂದರೆ -16. ಅಂತರ 18ರಿಂದ 10ಕ್ಕೆ ಇಳಿಯಿತು. ಲೆಕ್ಕ ಚೆನ್ನಾಗಿದೆ, ಆದರೆ ಒಂದೇ ಏಟಿಗೆ 8 ಡಿಬಿ ಹಿಂಡಿದ್ದರಿಂದ ದನಿ ಹಿಸುಕಿದ ಹಾಗಾಯಿತು. ಆಮೇಲೆ ಬುದ್ಧಿ ಬಂತು. ಚರಣದ ತುಣುಕುಗಳನ್ನು ಕತ್ತರಿಸಿ, ಕಂಪ್ರೆಸರಿಗೆ ಹೋಗುವ ಮೊದಲೇ ಕೈಯಿಂದ 4 ಡಿಬಿ ತಗ್ಗಿಸಿದೆ. ಈಗ ಅದು ಹಿಂಡುವುದು 5 ಡಿಬಿ ಚಿಲ್ಲರೆ ಅಷ್ಟೇ. ಅಂತರ 9ರ ಹತ್ತಿರ ಬಂತು, ದನಿಯೂ ಉಳಿಯಿತು. ದೊಡ್ಡ ಏರಿಳಿತ ಕೈಗೆ, ಪದಪದದ ಏರಿಳಿತ ಕಂಪ್ರೆಸರಿಗೆ. ಸೋಮಾರಿತನಕ್ಕೆ ಈ ಹೆಜ್ಜೆ ಬಿಟ್ಟಾಗಲೆಲ್ಲ ಪಶ್ಚಾತ್ತಾಪ ಪಟ್ಟಿದ್ದೇನೆ.

ದನಿ ಗೆರೆ ದಾಟಿದ ಮೇಲೆ ಹಿಡಿಯಲು ತಗಲುವ ಹೊತ್ತು ಅಟ್ಯಾಕ್. ಅದನ್ನು ಮೊದಲು 1 ಮಿಲಿಸೆಕೆಂಡ್ ಇಟ್ಟಿದ್ದೆ. ಜೋರು ದನಿ ಬಂದ ಕೂಡಲೇ ಹಿಡಿದರೆ ಒಳ್ಳೇದಲ್ವಾ ಅಂತ. ಆದರೆ ಚರಣದ ‘ಕ’, ‘ಟ’, ‘ತ’ಗಳ ಮೊದಲ ಏಟೇ ಹೋಯಿತು. ಬಾಯಿಗೆ ಬಟ್ಟೆ ಕಟ್ಟಿಕೊಂಡು ಹಾಡಿದ ಹಾಗೆ. 40ಕ್ಕೆ ಹಾಕಿದೆ, ಆಗ ಪ್ರತಿ ಪದದ ಮೊದಲ ಅಕ್ಷರ ಎದ್ದು ಕುಣಿಯಿತು. 15ಕ್ಕೆ ನಿಂತೆ. ವ್ಯಂಜನ ದಾಟಿಹೋಗುತ್ತದೆ, ಹಿಂದೆ ಬರುವ ಎಳೆದ ಸ್ವರ ಸಿಕ್ಕಿಬೀಳುತ್ತದೆ.

ನಿಜವಾದ ತಲೆನೋವು ರಿಲೀಸ್, ಅಂದರೆ ದನಿ ತಗ್ಗಿದ ಮೇಲೆ ಹಿಡಿತ ಬಿಡಲು ತಗಲುವ ಹೊತ್ತು. 40 ಮಿಲಿಸೆಕೆಂಡ್ ಇಟ್ಟು ಅತ್ತೆಗೆ ಕೇಳಿಸಿದೆ.

“ನಾನು ಗುಡ್ಡ ಹತ್ತಿ ಬಂದು ಹಾಡಿದ ಹಾಗಿದೆಯಲ್ಲೋ ಮಾರಾಯ!”

ಸಾಲು ಮುಗಿದ ತಕ್ಷಣ ಕಂಪ್ರೆಸರ್ ಕೈಬಿಟ್ಟಿತ್ತು. ತಗ್ಗಿದ್ದ ದನಿಯನ್ನು ಮತ್ತೆ ಏರಿಸಲು ಕೊಟ್ಟಿದ್ದ 5 ಡಿಬಿ ಮೇಕಪ್ ಪೂರ್ತಿ ಉಸಿರಿಗೆ ಸಿಕ್ಕಿತ್ತು. ಉಸಿರು ಮಾತ್ರ ಅಲ್ಲ, ಹಂಚಿನ ಮೇಲಿನ ಮಳೆಯೂ. ಹಾಡುವಾಗ ತಗ್ಗುತ್ತದೆ, ನಿಲ್ಲಿಸಿದರೆ ಏರುತ್ತದೆ. ಯಾರೋ ಕಿಟಕಿ ತೆರೆದು ಮುಚ್ಚುತ್ತಿದ್ದಾರೆ ಅನ್ನಿಸುತ್ತದೆ. ಸ್ಪೀಕರಿನಲ್ಲಿ ಇದು ಗೊತ್ತಾಗಲಿಲ್ಲ. ಹೆಡ್‌ಫೋನ್ ಹಾಕಿ ಸಾಲಿನ ಕೊನೆಯನ್ನಷ್ಟೇ ಲೂಪ್ ಮಾಡಿದಾಗ ಸಿಕ್ಕಿಬಿತ್ತು.

ಸರಿ, 600ಕ್ಕೆ ಏರಿಸಿದೆ. ಮಳೆ ಸುಮ್ಮನಾಯಿತು. ಆದರೆ ಒಂದು ಜೋರು ಪದದ ಹಿಂದೆ ಬಂದ ಮೆಲುಪದ ಕಾಣೆಯಾಯಿತು, ಹಿಡಿತ ಇನ್ನೂ ಬಿಟ್ಟಿರಲಿಲ್ಲವಲ್ಲ. ಕೊನೆಗೆ ಕೆಂಪು ಪಟ್ಟಿ ನೋಡುತ್ತಾ ಕೂತೆ. ಎಷ್ಟು ಡಿಬಿ ಹಿಂಡುತ್ತಿದೆ ಅಂತ ತೋರಿಸುವುದು ಅದೇ. ಮುಂದಿನ ಸಾಲು ಶುರುವಾಗುವ ಹೊತ್ತಿಗೆ ಅದು ಸೊನ್ನೆಗೆ ಬರಬೇಕು, ಆದರೆ ಎರಡು ಪದಗಳ ನಡುವೆ ಪಟಪಟ ಹಾರಬಾರದು. ಈ ಹಾಡಿಗೆ ಅದು 180ರಲ್ಲಿ ಸಿಕ್ಕಿತು. ವೇಗದ ಹಾಡಾಗಿದ್ದರೆ ಇನ್ನೂ ಕಡಿಮೆ ಬೇಕಿತ್ತು.

ಕಿವಿಗೆ ವ್ಯತ್ಯಾಸ ತಿಳಿಯದಿದ್ದರೆ ರೇಶಿಯೋ 10:1 ಮಾಡಿ, ಥ್ರೆಶ್‌ಹೋಲ್ಡನ್ನು -35ರ ತನಕ ಇಳಿಸಿ. ದನಿ ಹಾಳಾಗುತ್ತದೆ, ಆಗಲಿ. ಆಗ ಅಟ್ಯಾಕ್, ರಿಲೀಸ್ ಏನು ಮಾಡುತ್ತಿವೆ ಅಂತ ಢಾಳಾಗಿ ಕೇಳುತ್ತದೆ. ಅವೆರಡನ್ನೂ ಹೊಂದಿಸಿ, ಆಮೇಲೆ ರೇಶಿಯೋ ಮತ್ತು ಥ್ರೆಶ್‌ಹೋಲ್ಡನ್ನು ವಾಪಸ್ ತನ್ನಿ.

Auto make-up ಟಿಕ್ ಮಾತ್ರ ನಾನು ತೆಗೆದೇ ಇಡುತ್ತೇನೆ. ಅದು ದನಿ ಜೋರು ಮಾಡಿದರೆ ಎಲ್ಲವೂ ಚೆನ್ನಾಗಿದೆ ಅನ್ನಿಸುತ್ತದೆ. ಕಂಪ್ರೆಸರ್ ಹಾಕಿದಾಗಲೂ ತೆಗೆದಾಗಲೂ ಸದ್ದು ಸಮ ಇರುವಂತೆ ಕೈಯಿಂದ ಹೊಂದಿಸಿದ ಮೇಲೇ ಹೋಲಿಸುವುದು. ಹಾಗೆ ಹೋಲಿಸಿದಾಗ ನನ್ನ ಹಳೆಯ ಅರ್ಧ ಹಾಡುಗಳಿಗೆ ಕಂಪ್ರೆಸರ್ ಇಲ್ಲದಿದ್ದರೇ ಚೆನ್ನಾಗಿತ್ತು.

ಮಳೆಯ ಸದ್ದನ್ನು ಯಾವ ಸೆಟ್ಟಿಂಗೂ ತೆಗೆಯಲಿಲ್ಲ. ಪಲ್ಲವಿಯನ್ನು ಮತ್ತೊಮ್ಮೆ ಹಾಡಿಸಿದೆ, ಬೆಳಗ್ಗೆ ಹೊಳವಾದಾಗ, ಮೈಕಿಗೆ ಒಂದು ಗೇಣು ಹತ್ತಿರ ಕೂರಿಸಿ. ಅತ್ತೆ ಕಷಾಯ ಕುಡಿದು ಬಂದು ಒಂದೇ ಸಲಕ್ಕೆ ಮುಗಿಸಿದರು.